ಗೋಣಿತಾಟಿನ ಮೇಲಿನ ಹೆಸರು

"ನನ್ನ ಹೆಸರು ಕೂತ ಫೋಟೋ ಅಂದ್ರೆ ಹಣೆಬರಹ ಇದ್ದ ಹಾಗೆ. ಬ್ರಹ್ಮನೇ ಬಂದ್ರೂ ಅಳಿಸೋಕಾಗಲ್ಲ. ಬೇಕಾದ್ರೆ ಒಂದು ವಾರ ರಜ ಹಾಕ್ಕೊಂಡು ಬರ್ಲಿ, ಕಾಫಿ ನಾನೇ ಕುಡಿಸ್ತೀನಿ."

ವಿಜಯನಗರದ ಮಾರುತಿ ಮಂದಿರದ ಹಿಂದಿನ ಅಡ್ಡರಸ್ತೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಪದ್ಮನಾಭ ಈ ಮಾತನ್ನು ಹೇಳದೆ ಬಿಟ್ಟ ಮನುಷ್ಯ ಆ ವಾರ್ಡಿನಲ್ಲಿ ಇರಲಿಲ್ಲ. ಪಾಸ್‌ಪೋರ್ಟ್ ಫೋಟೋಗೆ ಬಂದ ಕಾಲೇಜು ಹುಡುಗರಿಗೆ ಹೇಳಿದ್ದ, ಮೀಟರು ನೋಡಲು ಬಂದ ಕರೆಂಟಿನವನಿಗೆ ಹೇಳಿದ್ದ, ಛಾಯಾಗ್ರಾಹಕರ ಸಂಘದ ಸಭೆಯಲ್ಲಿ ಮೈಕು ಹಿಡಿದೂ ಹೇಳಿದ್ದ. ದೇವಸ್ಥಾನದ ಹನುಮಂತನಿಗೂ ಬಾಯಿಪಾಠ ಆಗಿರಬೇಕು, ಪಾಪ, ಎದ್ದು ಹೋಗಲಾರದೆ ನಿಂತವನು.

ಪ್ಲೈವುಡ್ ಗೋಡೆಯ ಆಚೆ ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದ ಅವನ ಹೆಂಡತಿ ತುಂಗಾಗೂ ಇದು ದಿನಾ ಕೇಳುತ್ತಿತ್ತು. ಅವಳು ತಲೆ ಎತ್ತುತ್ತಿರಲಿಲ್ಲ. ಆ ಹೆಸರನ್ನು ಪ್ರತಿ ಫೋಟೋದ ಮೇಲೂ ಕೂರಿಸುತ್ತಿದ್ದವಳು ಅವಳೇ. ಹಣೆಬರಹ ಬರೆಯುವವರಿಗೆ ಬೆನ್ನುನೋವು ಇರುತ್ತದೆ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು.

ತುಂಗಾ ಟಚಿಂಗ್ ಕೆಲಸದವಳು. ಫೋಟೋದಲ್ಲಿ ಇರಬಾರದ್ದನ್ನು ತೆಗೆಯುವುದು, ಇರಬೇಕಾದ್ದನ್ನು ಹಾಕುವುದು ಟಚಿಂಗ್. ಮದುವೆಯಾಗಿ ಬಂದ ಹೊಸದರಲ್ಲಿ ನೆಗೆಟಿವ್ ಮೇಲೆ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಮಾಡುತ್ತಿದ್ದಳು. ಕಾಲ ಬದಲಾಗಿ ಕಂಪ್ಯೂಟರ್ ಬಂತು, ಪೆನ್ಸಿಲ್ಲು ಹೋಗಿ ಮೌಸ್ ಬಂತು. ಮೊಡವೆ ಮಾತ್ರ ಅವೇ. ವಿಜಯನಗರ, ಮೂಡಲಪಾಳ್ಯ, ಚಂದ್ರಾ ಲೇಔಟಿನ ಜನರ ಮುಖದಿಂದ ಅವಳು ತೆಗೆದ ಮೊಡವೆಗಳನ್ನು ಒಂದು ಕಡೆ ಸುರಿದಿದ್ದರೆ ಅವನ್ನು ಸಾಗಿಸಲು ಕಾರ್ಪೊರೇಷನ್ನಿನವರು ಲಾರಿ ಕಳಿಸಬೇಕಾಗುತ್ತಿತ್ತು. ಎಷ್ಟೋ ವರರ ಬೋಳುತಲೆಯಲ್ಲಿ ಬೆಳೆ ತೆಗೆದಿದ್ದಳು. ಒಬ್ಬ ಬೀಗರಿಗೆ ಗ್ರೂಪ್ ಫೋಟೋದಲ್ಲಿ ಕಣ್ಣು ಮುಚ್ಚಿಹೋಗಿತ್ತೆಂದು ಅವರ ತಮ್ಮನ ಕಣ್ಣು ತಂದು ಹಚ್ಚಿದ್ದಳು. ಅಂದಿನಿಂದ ಅಣ್ಣತಮ್ಮಂದಿರ ಜಗಳ ನಿಂತಿತಂತೆ, ಇಬ್ಬರ ದೃಷ್ಟಿಯೂ ಒಂದೇ ಆಯಿತಲ್ಲ.

ಇಷ್ಟೆಲ್ಲ ಮಾಡಿ ಸಂಜೆ ಎದ್ದಾಗ ಅವಳ ಕಣ್ಣಿಗೆ ಲೋಕವೇ ಮಸುಕು ಮಸುಕಾಗಿ ಕಾಣುತ್ತಿತ್ತು. ಎದುರಿಗೆ ಬಂದವರ ಮುಖದ ಮಚ್ಚೆಯ ಕಡೆಗೆ ಕೈ ತಾನಾಗಿ ಹೋಗುತ್ತಿತ್ತು. ಮನೆಗೆ ಹೋಗಿ ಅನ್ನಕ್ಕೆ ಇಟ್ಟರೆ ಅಕ್ಕಿಯಲ್ಲಿ ಕಲ್ಲು ಕಂಡು, "ಇದನ್ನೂ ನಾನೇ ತೆಗೀಬೇಕಾ" ಅನಿಸುತ್ತಿತ್ತು. ಯಾರಾದರೂ "ಹೇಗಿದೀರಿ ತುಂಗಮ್ಮ" ಅಂದರೆ "ಇದೀನಿ" ಅನ್ನುವಳು. ಅಷ್ಟೇ. ಆ ಮಾತಿಗೆ ಇನ್ನೇನನ್ನೂ ಸೇರಿಸುವಷ್ಟು ಶಕ್ತಿ ಉಳಿದಿರುತ್ತಿರಲಿಲ್ಲ.

ಹೆಸರು ಹಾಕುವ ಹುಚ್ಚು ಹಿಡಿದದ್ದಕ್ಕೂ ಒಂದು ಕಾರಣವಿತ್ತು. ಪದ್ಮನಾಭ ತೆಗೆದ ಒಬ್ಬ ಮದುಮಗಳ ಫೋಟೋವನ್ನು ಬಸವೇಶ್ವರನಗರದ ಯಾವನೋ ಸ್ಟುಡಿಯೋದವನು ತನ್ನ ಕಿಟಕಿಯಲ್ಲಿ ತಾನೇ ತೆಗೆದದ್ದೆಂದು ತೂಗು ಹಾಕಿದ್ದ. ಕೇಳಲು ಹೋದರೆ "ನಿಮ್ದು ಅನ್ನೋಕೆ ಗುರುತೇನು ಸಾರ್?" ಅಂದ. ಪದ್ಮನಾಭ ಅಂದು ಮನೆಗೆ ಬಂದು ಊಟ ಬಿಟ್ಟ. ಮಧ್ಯಾಹ್ನದ್ದನ್ನು ಮಾತ್ರ ಬಿಟ್ಟ, ರಾತ್ರಿ ಅದನ್ನೂ ಸೇರಿಸಿ ಉಂಡ. ಮರುದಿನವೇ ತುಂಗಾ ಕೈಲಿ ಒಂದು ಮುದ್ರೆ ಮಾಡಿಸಿದ. 'ಪದ್ಮನಾಭ ಡಿಜಿಟಲ್' ಎಂಬ ಬಿಳಿ ಅಕ್ಷರ, ಅರ್ಧ ಪಾರದರ್ಶಕ, ದೊಡ್ಡ ಪ್ರಿಂಟಿನಲ್ಲಿ ಹೆಬ್ಬೆರಳಿನಷ್ಟು ಉದ್ದ.

"ಮೂಲೇಲಿ ಹಾಕ್ಬೇಡ ಕಣೇ. ಮೂಲೇನ ಕತ್ತರಿಸಿ ಬಿಸಾಡ್ತಾರೆ. ಖಾಲಿ ಗೋಡೆ, ಆಕಾಶ, ಅಲ್ಲೂ ಬೇಡ, ಪಕ್ಕದ ಬಣ್ಣ ಬಳಿದ್ರೆ ಮುಗೀತು. ನೇಯ್ಗೆ ಇರೋ ಕಡೆ ಹಾಕು. ಸೀರೆ, ಚಾಪೆ, ಜಮಖಾನ. ಅಲ್ಲಿ ಒರೆಸೋಕೆ ಹೋದ್ರೆ ರಾಗಿಮುದ್ದೆ ಮೆತ್ತಿದ ಹಾಗೆ ಕಾಣ್ಬೇಕು."

ಮಾತು ಸರಿಯೇ. ಪದ್ಮನಾಭನಿಗೆ ಕಸುಬು ಗೊತ್ತಿತ್ತು. ಅದು ಗೊತ್ತಿದೆ ಎಂದು ಊರಿಗೆಲ್ಲ ಗೊತ್ತಾಗಬೇಕು ಎಂಬುದೊಂದೇ ಅವನ ಕಾಯಿಲೆ.

ಇನ್ನು ತುಂಗಾಳ ಫೋಟೋದ ವಿಷಯ.

ಸ್ಟುಡಿಯೋದ ಎದುರಿಗೆ, ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಮುನಿತಾಯಮ್ಮ ಎಂಬಾಕೆ ಗೋಣಿತಾಟು ಹಾಸಿ ತರಕಾರಿ ಮಾರುತ್ತಿದ್ದಳು. ಚಳಿಗಾಲದಲ್ಲಿ ಅವರೆಕಾಯಿ. ಆ ವರ್ಷ ಅವರೆಯ ಸೊಗಡಿನ ಕಾಲದಲ್ಲಿ ಪದ್ಮನಾಭ ಕೆಂಗೇರಿಯ ಕಡೆ ಒಂದು ಉಪನಯನಕ್ಕೆ ಹೋಗಿದ್ದ. ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ತುಂಗಾ ಟೀ ಕುಡಿಯಲು ಬಾಗಿಲಿಗೆ ಬಂದು ನೋಡಿದರೆ, ಮುನಿತಾಯಮ್ಮ ಅವರೆಕಾಯಿ ಸುಲಿಯುತ್ತಾ ಸುಲಿಯುತ್ತಾ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಬೆರಳುಗಳು ಮಾತ್ರ ಅರ್ಧ ಬಿಚ್ಚಿದ ಒಂದು ಕಾಯಿಯನ್ನು ಹಿಡಿದುಕೊಂಡೇ ಇದ್ದವು. ಬಿಸಿಲು ಓರೆಯಾಗಿ ಬಂದು ಗೋಣಿಯ ಒಂದೊಂದು ಎಳೆಯನ್ನೂ ಬಿಡಿಸಿ ತೋರಿಸುತ್ತಿತ್ತು. ನಿದ್ದೆಯಲ್ಲೂ ಕೆಲಸ ಬಿಡದ ಆ ಕೈಯನ್ನು ಕಂಡು ತುಂಗಾಗೆ ತನ್ನ ಕೈಯನ್ನೇ ಕಂಡಂತಾಯಿತು. ಒಳಗೆ ಹೋಗಿ, ಪಾಸ್‌ಪೋರ್ಟ್ ಫೋಟೋಗೆಂದು ಇಟ್ಟಿದ್ದ ಸಣ್ಣ ಡಿಜಿಟಲ್ ಕ್ಯಾಮೆರಾ ತಂದು ಒಂದು ಫೋಟೋ ತೆಗೆದಳು. ಎರಡನೆಯದು ತೆಗೆಯುವಷ್ಟರಲ್ಲಿ ಒಂದು ಆಟೋ ಬಂದು ಅಡ್ಡ ನಿಂತಿತು.

ಊರಿನವರ ಮುಖವನ್ನೆಲ್ಲ ತಿದ್ದಿದವಳು ತಿದ್ದಲು ಮನಸ್ಸು ಬಾರದೆ ನೋಡುತ್ತ ಕೂತ ಮೊದಲ ಫೋಟೋ ಅದು. ಅದನ್ನು ಕಂಪ್ಯೂಟರಿಗೆ ಹಾಕಿ, ಗಿರಾಕಿಗಳಿಗೆ ತೋರಿಸುವ 'ಸ್ಯಾಂಪಲ್' ಎಂಬ ಫೋಲ್ಡರಿನಲ್ಲಿ ಮದುಮಕ್ಕಳ ನಡುವೆ ಇಟ್ಟಳು. ಗಂಡ ದಿನಾ ತೆರೆಯುವ ಫೋಲ್ಡರು ಅದೊಂದೇ. ಎಂದಾದರೂ ಒಂದು ದಿನ "ಇದ್ಯಾರೇ ತೆಗೆದಿದ್ದು?" ಎಂದು ಕೇಳಿಯಾನು ಎಂಬುದು ಅವಳ ಲೆಕ್ಕ.

ಅವನು ಕೇಳಲಿಲ್ಲ. ಬದಲಿಗೆ ಒಂದು ದಿನ, ಅವಳು ಊಟಕ್ಕೆ ಹೋಗಿದ್ದಾಗ, ಗಿರಾಕಿಯೊಬ್ಬನಿಗೆ ಕಂಪ್ಯೂಟರಿನ ಮಹಿಮೆ ತೋರಿಸಲು ಹೊರಟ. ಒಂದು ಗುಂಡಿ ಒತ್ತಿದರೆ ಫೋಲ್ಡರಿನ ಫೋಟೋಗಳಿಗೆಲ್ಲ ಒಟ್ಟಿಗೆ ಹೆಸರು ಬೀಳುವಂತೆ ತುಂಗಾ ಮಾಡಿಟ್ಟಿದ್ದಳು. ಹೆಸರು ಬಿದ್ದ ಪ್ರತಿಗಳು ಬೇರೆ ಫೋಲ್ಡರಿಗೆ ಹೋಗಬೇಕು ಎಂದು ಅಲ್ಲೊಂದು ಕಡೆ ಹೇಳಬೇಕು. ಪದ್ಮನಾಭ ಹೇಳಲಿಲ್ಲ. ಕಂಪ್ಯೂಟರಿಗೆ ಹೇಳದೇ ಇದ್ದದ್ದು ತಿಳಿಯುವುದಿಲ್ಲ, ಅದು ಹೆಂಡತಿಯಲ್ಲವಲ್ಲ. ಅಸಲು ಫೋಟೋಗಳ ಮೇಲೆಯೇ ಹೆಸರೊತ್ತಿ, ಹಾಗೆಯೇ ಉಳಿಸಿ, ಮುಚ್ಚಿಬಿಟ್ಟಿತು. ಮದುಮಕ್ಕಳ ಫೋಟೋಗಳಿಗೆ ಸಿ.ಡಿ.ಯಲ್ಲಿ ಬೇರೆ ಪ್ರತಿಗಳಿದ್ದವು. ಮುನಿತಾಯಮ್ಮನಿಗೆ ಇರಲಿಲ್ಲ. ಕ್ಯಾಮೆರಾದ ಕಾರ್ಡು ಎಂದೋ ಅಳಿಸಿ, ಅದರ ಮೇಲೆ ಊರಿನ ಅರ್ಧ ಜನರ ಪಾಸ್‌ಪೋರ್ಟ್ ಮುಖಗಳು ಬಂದು ಕೂತಿದ್ದವು.

ತುಂಗಾ ಬಂದು ನೋಡಿದಳು. ಗೋಣಿತಾಟಿನ ಬಲಗಡೆ, ಮುನಿತಾಯಮ್ಮನ ಹಸಿರು ಸೀರೆಯ ಅಂಚಿಗೆ ತಾಗಿದಂತೆ, 'ಪದ್ಮನಾಭ ಡಿಜಿಟಲ್'. ಬಯ್ಯಬೇಕು ಅನಿಸಿತು. ಆದರೆ ಬಯ್ದರೆ ಅವನು ಸಮಜಾಯಿಷಿ ಕೊಡುತ್ತಾನೆ, ಕೇಳಬೇಕಾಗುತ್ತದೆ. ಬಿಟ್ಟಳು.

ಮಾರ್ಚ್ ಕೊನೆಯಲ್ಲಿ ಸಂಘದ ಕಾರ್ಯದರ್ಶಿ ಚನ್ನಕೇಶವ ಪ್ರದರ್ಶನದ ಸುದ್ದಿ ತಂದ. ರಾಜಾಜಿನಗರದಲ್ಲಿ ಅವನದೂ ಒಂದು ಸ್ಟುಡಿಯೋ. ಪದ್ಮನಾಭನಿಗಿಂತ ಚಿಕ್ಕವನು, ಆದರೆ ಕಣ್ಣು ಹದ್ದಿನದು. ಸಂಘದವರು, ಅವರ ಮನೆಯವರು ಯಾರು ಬೇಕಾದರೂ ತಲಾ ಒಂದು ಚಿತ್ರ ಕೊಡಬಹುದು. ಚಿತ್ರದ ಮೇಲೆ ಹೆಸರು, ಮುದ್ರೆ, ತಾರೀಖು ಏನೂ ಇರಕೂಡದು, ತೀರ್ಪುಗಾರರಿಗೆ ಯಾರದೆಂದು ತಿಳಿಯಬಾರದು.

"ಹೋದ ವರ್ಷ ಯಾರೋ ಮಹಾನುಭಾವರು ಕ್ಯಾಲೆಂಡರ್ ಚಿತ್ರದ ಹೆಸರು ಒರೆಸಿ ಕೊಟ್ಟಿದ್ರು ಪದ್ಮಣ್ಣ," ಅಂದ ಚನ್ನಕೇಶವ. "ಅದಕ್ಕೆ ಈ ಸಲ ಒರೆಸಿದ ಗುರುತು ಒಂದು ಚೂರು ಕಂಡ್ರೂ ವಾಪಸ್. ನಾನೇ ಭೂತಗನ್ನಡಿ ಹಿಡ್ಕೊಂಡು ನೋಡ್ತೀನಿ."

"ನೋಡಪ್ಪ. ನನ್ನ ಮುದ್ರೆ ಹಾಕಿದ್ದಿದ್ರೆ ಈ ತಲೆನೋವೇ ಇರ್ತಿರ್ಲಿಲ್ಲ ಅವರಿಗೆ. ಅಳಿಸೋಕೇ ಆಗಲ್ಲ," ಅಂದ ಪದ್ಮನಾಭ. ಮುಂದಿನದು ಚನ್ನಕೇಶವನಿಗೂ ಬಾಯಿಪಾಠ ಇತ್ತು. ಬ್ರಹ್ಮ ರಜ ಹಾಕುವ ಹೊತ್ತಿಗೆ ಅವನು ಸ್ಕೂಟರ್ ಸ್ಟಾರ್ಟ್ ಮಾಡಿದ್ದ.

ಅವತ್ತು ಸಂಜೆ ಪದ್ಮನಾಭ ತಾನು ಕೊಡುವ ಚಿತ್ರ ಆರಿಸಲು 'ಸ್ಯಾಂಪಲ್' ತೆರೆದು ಒಂದೊಂದೇ ನೋಡುತ್ತ ಹೋದ. ಮದುಮಗಳು, ಗುಲಾಬಿ ದಳ. ಮದುಮಗಳು, ಕನ್ನಡಿ. ಮದುಮಗಳು, ಮತ್ತೂ ಗುಲಾಬಿ ದಳ. ಅದಾದ ಮೇಲೆ ಮುನಿತಾಯಮ್ಮ. ಅವನ ಕೈ ನಿಂತಿತು.

"ತುಂಗಾ, ಇಲ್ಲಿ ಬಾ. ಇದು ನೋಡೇ. ಎಂಥಾ ಫೋಟೋ ತೆಗೆದಿದೀನಿ ನಾನು."

ತುಂಗಾ ಬಂದು ಹಿಂದೆ ನಿಂತಳು.

"ನೆನಪಿದೆ ಕಣೇ ಅವತ್ತಿನ ಬೆಳಕು. ನನ್ನ ಉದ್ದ ಲೆನ್ಸ್ ಹಾಕಿದ್ದೆ. ಬಗ್ಗಿ ಕೂತು, ಉಸಿರು ಹಿಡ್ಕೊಂಡು ಒತ್ತಿದ್ದು."

"ಅದು ನಾನು ತೆಗೆದಿದ್ದು ರೀ. ಪಾಸ್‌ಪೋರ್ಟ್ ಕ್ಯಾಮೆರಾದಲ್ಲಿ. ಅದರ ಲೆನ್ಸ್ ಬಿಚ್ಚೋಕೇ ಬರಲ್ಲ."

ಪದ್ಮನಾಭ ನಕ್ಕ. ಕೆಟ್ಟ ನಗುವಲ್ಲ, ಮಗುವಿನ ಮಾತಿಗೆ ನಗುವಂಥದ್ದು. "ಇಲ್ಲಿ ಹೆಸರು ನೋಡು."

"ಆ ಹೆಸರು ಸ್ಟುಡಿಯೋದಲ್ಲಿರೋ ಎಲ್ಲಾದಕ್ಕೂ ಬಿದ್ದಿದೆ. ನೀವೇ ಒತ್ತಿದ್ದು. ಸದ್ಯ, ಕುರ್ಚಿಗೆ ಬಿದ್ದಿಲ್ಲ."

"ಹೆಸರಿದ್ದ ಮೇಲೆ ಮುಗೀತು. ನಾನೇ ಅಲ್ವೇನೇ ನಿಯಮ ಮಾಡಿದ್ದು."

ವಾದ ಮಾಡಲು ತುಂಗಾಗೆ ಉಸಿರಿರಲಿಲ್ಲ. ಅವತ್ತು ಒಂದು ಇಡೀ ಕುಟುಂಬದ ಹಲ್ಲು ಬೆಳ್ಳಗೆ ಮಾಡಿ ಮುಗಿಸಿದ್ದಳು. ಆದರೆ ಮನೆಗೆ ನಡೆಯುವಾಗ ಲೆಕ್ಕ ಹಾಕಿದಳು. ಇಷ್ಟು ವರ್ಷ ಬೇರೆಯವರು ಕಂಡದ್ದನ್ನು ತಿದ್ದುತ್ತಾ ಬಂದಿದ್ದಳು. ತಾನು ಕಂಡದ್ದು ಅಂತ ಇದ್ದದ್ದು ಇದೊಂದು. ಇದೂ ಅವನ ಲೆಕ್ಕಕ್ಕೆ ಹೋದರೆ ಉಳಿಯುವುದು ಮೊಡವೆಗಳೇ.

ಮರುದಿನ ಪದ್ಮನಾಭ ಹೆಸರನ್ನು ತಾನೇ ಅಳಿಸಲು ಕೂತ. ಬೆರಳಿನಿಂದ ತಿಕ್ಕಿದಂತೆ ಬಣ್ಣ ಎಳೆಯುವ ಸಾಧನವೊಂದು ಫೋಟೋಶಾಪಿನಲ್ಲಿತ್ತು. ಅದನ್ನು ಹಿಡಿದು ತಿಕ್ಕಿದ. ಹೆಸರು ಹೋಯಿತು, ಜೊತೆಗೆ ಗೋಣಿಯೂ ಹೋಯಿತು. ಎಳೆಗಳಿದ್ದ ಕಡೆ ಯಾರೋ ಮಜ್ಜಿಗೆ ಚೆಲ್ಲಿ ಒರೆಸಿದ ಹಾಗೆ ಒಂದು ಬೂದು ಮಬ್ಬು. ಪುಣ್ಯಕ್ಕೆ ಅದನ್ನು ಉಳಿಸದೆ ಮುಚ್ಚಿದ. ಕೆಳಗಿನ ತುದಿ ಕತ್ತರಿಸಿ ನೋಡಿದ, ಹೆಸರಿನ ಜೊತೆ ಮುನಿತಾಯಮ್ಮನ ಮೊಣಕಾಲೂ ಹೋಯಿತು.

ಅಷ್ಟರಲ್ಲಿ ಮುನಿತಾಯಮ್ಮ ಚಿಲ್ಲರೆ ಕೇಳಲು ಒಳಗೆ ಬಂದಳು. ತೆರೆಯ ಮೇಲೆ ತನ್ನನ್ನೇ ಕಂಡು ಕಣ್ಣು ಕಿರಿದು ಮಾಡಿದಳು.

"ಇದು ತುಂಗಮ್ಮ ತಗುದ್ಲಲ್ಲ, ಅದಾ?"

"ಯಾರು ತೆಗೆದಿದ್ದು?" ಅಂದ ಪದ್ಮನಾಭ.

"ಇನ್ಯಾರು, ನಿನ್ನೆಂಡ್ತಿ. ನೀನು ಅವತ್ತು ಎಲ್ಲೋ ಮುಂಜಿಗೆ ಓಗಿದ್ದೆ ಸಾಮಿ. ಬಾಗಿಲು ಬಿಟ್ಟು ರೋಡಿಗೆ ಬಂದವ್ಳೆ, ಎಲ್ಲಿ ಆಟೋ ಗುದ್ದುತ್ತೋ ಅಂತ ಎದ್ರುಕೊಂಡಿದ್ದೆ."

"ನೀವು ನಿದ್ದೆ ಮಾಡ್ತಿದ್ರಿ ಇದರಲ್ಲಿ."

"ಯಾಪಾರಸ್ಥೆ ಯಾವತ್ತಪ್ಪಾ ನಿದ್ದೆ ಮಾಡ್ತಾಳೆ? ಕಣ್ಣು ಮುಚ್ಚಿದ್ದೆ. ಗಿರಾಕಿ ಚೌಕಾಸಿ ಮಾಡ್ತಾನೆ ಅಂದ್ರೆ ಇಂಗೇ ಮುಚ್ಕೋತೀನಿ." ಚಿಲ್ಲರೆ ಇಸಿದುಕೊಂಡು ಹೋದಳು.

ಪದ್ಮನಾಭ ಹಟಮಾರಿಯೇ ಹೊರತು ಸುಳ್ಳುಗಾರನಲ್ಲ. ಉದ್ದ ಲೆನ್ಸು, ಹಿಡಿದ ಉಸಿರು, ಎಲ್ಲವನ್ನೂ ಅವನು ನಿಜವಾಗಿಯೇ ನೆನಪಿಸಿಕೊಂಡಿದ್ದ. ಅದೇ ಅವನಿಗೆ ಗಾಬರಿ ತಂದದ್ದು.

"ಹಾಗಾದ್ರೆ ನಿನ್ನ ಹೆಸರಲ್ಲೇ ಕೊಡು," ಅಂದ, ತುಂಗಾ ಕಡೆ ತಿರುಗಿ. "ಕೊಡೋಕಾದ್ರೆ. ನನ್ನ ಮುದ್ರೆ ಗೋಣಿ ಮೇಲೆ ಕೂತಿದೆ. ಅದು ಹೋಗಲ್ಲ. ಚನ್ನಕೇಶವ ಒಂದು ಚೂರು ಗುರುತು ಕಂಡ್ರೂ ವಾಪಸ್ ಕಳಿಸ್ತಾನೆ, ಕದ್ದ ಚಿತ್ರ ಅಂತಾನೆ. ಹಾಗಾದ್ರೆ ನಾನು ಗುಲಾಬಿ ದಳದ್ದನ್ನೇ ಕೊಡ್ತೀನಿ, ನೀನು ಸುಮ್ನಿದ್ದುಬಿಡು."

"ಆಯ್ತು," ಅಂದಳು ತುಂಗಾ.

ಗಡುವಿಗೆ ಇನ್ನು ಕೆಲವೇ ದಿನ ಉಳಿದಿದ್ದವು. ಗಿರಾಕಿಗಳ ಕೆಲಸ ಮುಗಿಸಿ, ಮಧ್ಯಾಹ್ನ ಬೀದಿ ತೂಕಡಿಸುವ ಹೊತ್ತಿಗೆ ಅವಳು ತನ್ನ ಫೋಟೋ ತೆರೆಯುತ್ತಿದ್ದಳು. ಮೊದಲು ಅದರ ಮೇಲೆ ಅದರದೇ ಇನ್ನೊಂದು ಪದರ ಹಾಕಿಕೊಂಡಳು. ಕೆಟ್ಟರೆ ಕೆಳಗಿನದು ಭದ್ರವಾಗಿರಲಿ ಎಂದು. ಗಂಡನಿಂದ ಕಲಿತ ಪಾಠ.

ಇಂಗ್ಲಿಷಿನ ಹೆಸರಾಗಿದ್ದರೆ ನಾಲ್ಕು ಕಡ್ಡಿ ಕಿತ್ತರೆ ಆಗುತ್ತಿತ್ತು. ಕನ್ನಡದ ಅಕ್ಷರಗಳು, ಬಳ್ಳಿಯಂತೆ ಸುತ್ತಿಕೊಂಡಿದ್ದವು. 'ದ್ಮ'ದ ಒತ್ತು ಕೆಳಗಿಳಿದು ಗೋಣಿಯ ಮಡಿಕೆಯೊಳಗೆ ಬೇರು ಬಿಟ್ಟಿತ್ತು. ಚಂದ ಕಾಣಲೆಂದು ಆ ಅಕ್ಷರಶೈಲಿ ಆರಿಸಿದ್ದವಳೂ ತಾನೇ.

ಮೊದಲನೆಯ ದಿನ ಅಕ್ಷರದ ಸುತ್ತ ಗೆರೆ ಹಾಕಿ, ಆ ತುಂಡನ್ನು ಪಕ್ಕದ ಒಳ್ಳೆಯ ಗೋಣಿಯ ಮೇಲಕ್ಕೆ ಎಳೆದು, ತೇಪೆ ಹಾಕುತ್ತ ಹೋದಳು. ಈ ತೇಪೆ ಬುದ್ಧಿವಂತ: ಎಳೆಯನ್ನು ಅಲ್ಲಿಂದ ತರುತ್ತದೆ, ಬಣ್ಣವನ್ನೂ ಬೆಳಕನ್ನೂ ಇಲ್ಲಿನ ಅಂಚಿನಿಂದ ಹೊಂದಿಸಿಕೊಳ್ಳುತ್ತದೆ. ಗೋಣಿಯ ನಡುವೆ ಸೊಗಸಾಗಿ ಬಂತು. ಸೀರೆಯ ಹತ್ತಿರ ಮಾತ್ರ ಆ ಬುದ್ಧಿಯೇ ಮುಳುವಾಯಿತು. ಪಕ್ಕದಲ್ಲಿದ್ದ ಹಸಿರನ್ನೂ ಗೋಣಿಯದೇ ಬಣ್ಣ ಅಂದುಕೊಂಡು ಹೀರಿ, ಕೊನೆಯ ಅಕ್ಷರಗಳಿದ್ದ ಕಡೆ ಪಾಚಿ ಕಟ್ಟಿದಂತೆ ಮಾಡಿತು. ಪ್ರಿಂಟ್ ತೆಗೆದು ಬೆಳಕಿಗೆ ಹಿಡಿದಳು. ಅವರೆಕಾಯಿ ರಸ ಸೋರಿದ ಹಾಗಿತ್ತು.

ಅದನ್ನು ಬಿಟ್ಟು ಮರುದಿನ ಮತ್ತೆ ಮೊದಲಿನಿಂದ ಶುರು ಮಾಡಿದಳು. ಸೀರೆಯ ಅಂಚಿನ ಉದ್ದಕ್ಕೂ ಗೆರೆ ಎಳೆದು, ಗೋಣಿಯ ಕಡೆಯನ್ನಷ್ಟೇ ಬೇರೆ ಮಾಡಿಕೊಂಡಳು, ಕುಂಚ ಗೆರೆ ದಾಟದ ಹಾಗೆ. ಅಂಚಿನ ಹತ್ತಿರ ಬುದ್ಧಿವಂತ ತೇಪೆಯನ್ನು ಬಿಟ್ಟು, ಒಂದು ಕಡೆಯದನ್ನು ಇದ್ದ ಹಾಗೆಯೇ ಎತ್ತಿ ಇನ್ನೊಂದು ಕಡೆ ಇಡುವ ಮೊದ್ದು ಸಾಧನ ಹಿಡಿದಳು. ಅದು ಯಾರ ಬಣ್ಣವನ್ನೂ ಹೀರುವುದಿಲ್ಲ. ಆದರೆ ಕುಂಚದ ಅಂಚು ಹೆಚ್ಚು ಮೆತ್ತಗಿದ್ದರೆ ಎಳೆಗಳು ಕರಗಿ ಮಬ್ಬಾಗುತ್ತವೆ, ತೀರಾ ಗಡುಸಾದರೆ ನಾಣ್ಯ ಅಂಟಿಸಿದ ಹಾಗೆ ಕಾಣುತ್ತದೆ. ಎರಡರ ನಡುವೆ ಒಂದು ಹದ ಹುಡುಕಬೇಕು. ಗೋಣಿಯ ಎಳೆ ಓರೆಯಾಗಿ ಓಡುತ್ತಿದ್ದುದರಿಂದ, ಎತ್ತುವ ಜಾಗದಲ್ಲೂ ಅದೇ ಓರೆ ಇರಬೇಕು, ಎಳೆಗೆ ಎಳೆ ಕೂಡಬೇಕು. ಬಿಸಿಲು ಎಡದಿಂದ ಬಲಕ್ಕೆ ಮಾಸುತ್ತ ಹೋಗಿದ್ದರಿಂದ, ಬೆಳಗಿದ ಕಡೆಯದನ್ನು ತಂದು ನೆರಳಿನ ಕಡೆ ಹಾಕುವಂತಿಲ್ಲ. ಅಕ್ಷರದ ಮೇಲೆ ಕೆಳಗೆ, ಅಷ್ಟೇ ಬೆಳಕಿರುವ ಕಡೆಯಿಂದಲೇ ತರಬೇಕು.

ಹೀಗೆ ಹುಬ್ಬು ಗಂಟಿಕ್ಕಿ ಅಕ್ಷರ ಅಕ್ಷರವಾಗಿ ಗಂಡನನ್ನು ತೆಗೆಯುತ್ತ ಹೋದಳು. 'ಡಿಜಿಟಲ್' ಹೋಯಿತು. 'ನಾಭ' ಹೋಯಿತು. 'ಪದ್ಮ' ಹೋಗುವಾಗ ಕತ್ತು ಹಿಡಿದುಕೊಂಡಿತು. ಎದ್ದು ನೀರು ಕುಡಿದು ಬಂದು ದೂರದಿಂದ ನೋಡಿದಳು. ಹೆಸರಿದ್ದ ಕಡೆ ಒಂದೇ ಥರದ ಗಂಟು ಮೂರು ಸಲ, ಸಾಲಾಗಿ ನಿಂತಿತ್ತು. ಹತ್ತಿರದ ಒಂದೇ ಜಾಗದಿಂದ ಮತ್ತೆ ಮತ್ತೆ ಎತ್ತಿದ್ದರ ಫಲ. ಗೋಣಿ ನೇಯುವ ಯಂತ್ರ ಅಷ್ಟು ಶಿಸ್ತಿನದಲ್ಲ. ಹತ್ತಿರದಿಂದ ನೋಡುವಾಗ ಇದು ಕಾಣುವುದೇ ಇಲ್ಲ. ಚನ್ನಕೇಶವನ ಕಣ್ಣಿಗೆ ಮಾತ್ರ ಫಕ್ಕನೆ ಬೀಳುತ್ತಿತ್ತು.

ತಲೆಯನ್ನು ಮೇಜಿಗೆ ಆನಿಸಿ ಸ್ವಲ್ಪ ಹೊತ್ತು ಇದ್ದಳು. ಸುಮ್ಮನಿದ್ದುಬಿಡು ಎಂದು ಗಂಡ ಹೇಳಿದ್ದ. ಅದರಷ್ಟು ಸುಖದ ಸಲಹೆಯನ್ನು ಅವನು ಎಂದೂ ಕೊಟ್ಟಿರಲಿಲ್ಲ. ಆಮೇಲೆ ತಲೆಯೆತ್ತಿ, ಎರಡು ಗಂಟುಗಳನ್ನು ಬೇರೆ ಬೇರೆ ಕಡೆಯ ಎಳೆ ತಂದು ಮುಚ್ಚಿದಳು. ಒಂದನ್ನು ಉಳಿಸಿದಳು. ಗೋಣಿಗೆ ಒಂದಾದರೂ ಗಂಟು ಬೇಕಲ್ಲ.

ಕಡೆಗೆ ದೊಡ್ಡ ಪ್ರಿಂಟ್ ತೆಗೆದು ಬಾಗಿಲ ಬಿಸಿಲಿನಲ್ಲಿ ಓರೆ ಹಿಡಿದು, ನೇರ ಹಿಡಿದು, ದೂರವಿಟ್ಟು ನೋಡಿದಳು. ಹೆಸರಿದ್ದ ಪ್ರತಿಯನ್ನೂ ಅದೇ ಅಳತೆಯಲ್ಲಿ ಒಂದು ತೆಗೆದು ಚೀಲಕ್ಕೆ ಹಾಕಿಕೊಂಡಳು. ಯಾರಾದರೂ ಕದ್ದದ್ದೆಂದರೆ ತೋರಿಸಲು ಬೇರೆ ಏನೂ ಇರಲಿಲ್ಲ.

ಭಾನುವಾರ, ಪ್ರದರ್ಶನದ ದಿನ ಬೆಳಗ್ಗೆ, ಇಬ್ಬರೂ ರಾಜಾಜಿನಗರದ ಸಮುದಾಯ ಭವನಕ್ಕೆ ಹೋದರು. ಪದ್ಮನಾಭನ ಕಂಕುಳಲ್ಲಿ ಗುಲಾಬಿ ದಳ, ತುಂಗಾಳ ಕೈಯಲ್ಲಿ ಮುನಿತಾಯಮ್ಮ. ಚನ್ನಕೇಶವ ಮೇಜಿನ ಹಿಂದೆ ಭೂತಗನ್ನಡಿ ಹಿಡಿದು ಕೂತಿದ್ದ. ಗುಲಾಬಿ ದಳವನ್ನು ನೋಡಿ ಪಕ್ಕಕ್ಕಿಟ್ಟ. ಮುನಿತಾಯಮ್ಮನನ್ನು ನೋಡಿ ಪಕ್ಕಕ್ಕಿಡಲಿಲ್ಲ.

"ಇದು ಯಾರದ್ದು ಪದ್ಮಣ್ಣ?"

"ನಿಮ್ಮ ಅತ್ತಿಗೆದು."

"ಅತ್ತಿಗೆ ಟಚಿಂಗ್ ಅಲ್ವಾ ಮಾಡೋದು?" ಚನ್ನಕೇಶವನ ದನಿಯಲ್ಲಿ ಅನುಮಾನ ಬಂತು. ಗಾಜನ್ನು ಇಳಿಸಿ ಇಂಚಿಂಚಾಗಿ ಹುಡುಕತೊಡಗಿದ. ಗಾಜು ಸೀರೆಯ ಅಂಚಿಗೆ ಬಂತು. ಗಾಜು ಅಲ್ಲಿ ನಿಲ್ಲದೆ ಎಡಕ್ಕೆ ಸಾಗಿತು, ಗೋಣಿಯ ಎಡ ಮೂಲೆಯಲ್ಲಿ ನಿಂತಿತು.

"ಇಲ್ಲಿ. ಇಲ್ಲಿ ಒರೆಸಿದಾರೆ. ನೋಡಿ, ಎಳೆ ಎಲ್ಲ ಮಬ್ಬು, ಬಣ್ಣ ಕಂದು. ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಇದು ನೆಟ್‌ನಲ್ಲಿ ಸಿಕ್ಕಿದ್ದೋ ಏನೋ. ತಗೊಳೋಕಾಗಲ್ಲ."

ತುಂಗಾ ಚೀಲದಿಂದ ಇನ್ನೊಂದು ಪ್ರಿಂಟ್ ತೆಗೆದು ಅದರ ಪಕ್ಕ ಇಟ್ಟಳು. ಅದರಲ್ಲೂ ಎಡ ಮೂಲೆಯಲ್ಲಿ ಅದೇ ಕಂದು ಮಬ್ಬು, ಒಂದು ಎಳೆಯೂ ಹೆಚ್ಚುಕಡಿಮೆ ಇಲ್ಲದೆ. ಬಲಗಡೆ, ದೂರದಲ್ಲಿ, ಬಿಳಿ ಅಕ್ಷರದ ಹೆಸರು.

ಚನ್ನಕೇಶವ ಹೆಸರು ಓದಿದ. ಪದ್ಮನಾಭನ ಕಡೆ ನೋಡಿದ. ಭವನದಲ್ಲಿದ್ದ ಸಂಘದ ಇತರರೂ, ಮೈಕಿನಲ್ಲಿ ಆ ಮಾತು ಕೇಳಿದ್ದವರು, ಒಬ್ಬೊಬ್ಬರಾಗಿ ಮೇಜಿನ ಹತ್ತಿರ ಬಂದರು.

ಪದ್ಮನಾಭನಿಗೆ ಎರಡು ದಾರಿಗಳಿದ್ದವು. ತನಗೇನೂ ಗೊತ್ತಿಲ್ಲ ಎಂದು ಸುಮ್ಮನಿದ್ದರೆ ಬ್ರಹ್ಮನ ಮಾತು ಉಳಿಯುತ್ತಿತ್ತು, ನಿಜ ಹೇಳಿದರೆ ಹೆಂಡತಿಯ ಚಿತ್ರ. ಅವನು ಹೆಂಡತಿಯ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಕತ್ತಿನ ಹಿಂಭಾಗವನ್ನು ಒತ್ತಿಕೊಳ್ಳುತ್ತ, ಕೂರಲು ಎಲ್ಲಾದರೂ ಕುರ್ಚಿ ಇದೆಯೇ ಎಂದು ನೋಡುತ್ತಿದ್ದಳು.

"ಅದು ಟೀ ಕಲೆ ಕಣಯ್ಯ," ಅಂದ ಪದ್ಮನಾಭ. "ಮುನಿತಾಯಮ್ಮ ದಿನಾ ಅಲ್ಲೇ ಲೋಟ ಇಡೋದು. ಅಸಲಿನಲ್ಲೇ ಇದೆ. ಹೆಸರಿದ್ದದ್ದು ಇಲ್ಲಿ." ಹೊಸ ಪ್ರಿಂಟಿನ ಬಲಗಡೆ ಬೆರಳಿಟ್ಟ.

ಚನ್ನಕೇಶವ ಗಾಜು ತಂದು ಅಲ್ಲಿ ಹಿಡಿದ. ಬಹಳ ಹೊತ್ತು ಹಿಡಿದ. "ಇಲ್ಲೇನೂ ಇಲ್ಲವಲ್ಲ."

"ಇಲ್ಲ."

"ನಿಮ್ಮ ಮುದ್ರೆ ಅಳಿಸೋಕಾಗಲ್ಲ ಅಂತಿದ್ರಿ."

"ಅಂತಿದ್ದೆ," ಅಂದ ಪದ್ಮನಾಭ. ಹೋಗಿ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ತುಂಗಾಳ ಹಿಂದೆ ಇಟ್ಟ.

ಚನ್ನಕೇಶವ ಚಿತ್ರ ತೆಗೆದುಕೊಂಡ. ಮುನಿತಾಯಮ್ಮ ಭವನದ ಕಿಟಕಿಯ ಪಕ್ಕ ಗೋಡೆಗೇರಿದಳು. ತೀರ್ಪು ಮುಗಿದ ಮೇಲೆ ಕೆಳಗೆ ಅಂಟಿಸಿದ ಚೀಟಿಯಲ್ಲಿ 'ತುಂಗಾ, ವಿಜಯನಗರ' ಎಂದಿತ್ತು. ಬಹುಮಾನ ಬರಲಿಲ್ಲ, ಅದು ಮಲ್ಲೇಶ್ವರದ ಯಾರದೋ ನವಿಲಿಗೆ ಹೋಯಿತು. ಗುಲಾಬಿ ದಳಕ್ಕೂ ಬರಲಿಲ್ಲ. ಜನ ನವಿಲಿನ ಮುಂದೆ ನಿಂತು ಹೊಗಳಿದರು, ಮುನಿತಾಯಮ್ಮನ ಮುಂದೆ ನಿಂತು ಸುಮ್ಮನಾದರು. ತುಂಗಾ ಕುರ್ಚಿಯಲ್ಲಿ ಕೂತೇ ಅದನ್ನು ನೋಡಿದಳು. ಎದ್ದು ಹತ್ತಿರ ಹೋಗಬೇಕು ಅನಿಸಲಿಲ್ಲ. ಒಂದೊಂದು ಎಳೆಯೂ ಗೊತ್ತಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಜಾಗ ಸಿಕ್ಕಿತು. ತುಂಗಾ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಪದ್ಮನಾಭ ತನ್ನ ಜೀವಮಾನದಲ್ಲೇ ಅಷ್ಟು ದೂರ ಮಾತಿಲ್ಲದೆ ಪ್ರಯಾಣ ಮಾಡಿರಲಿಲ್ಲ. ನವರಂಗ್ ಟಾಕೀಸು ದಾಟಿದ ಮೇಲೆ ತಡೆಯಲಾಗಲಿಲ್ಲ.

"ಒಳ್ಳೇ ಫೋಟೋ ಕಣೇ. ಇನ್ಮೇಲೆ ಅದರ ಮೇಲೆ ನಿನ್ನ ಹೆಸರು ಹಾಕ್ಕೋ. ನೇಯ್ಗೆ ನೋಡಿ ಹಾಕು. ಇಲ್ಲಾಂದ್ರೆ ಯಾವನಾದ್ರೂ ಕದೀತಾನೆ."

ತುಂಗಾ ಕಣ್ಣು ತೆರೆಯಲಿಲ್ಲ.

"ಕದ್ರೆ ಕದೀಲಿ ಬಿಡಿ. ಹೆಸರು ಹಾಕಿದ್ರೆ ಅದನ್ನ ಅಳಿಸೋಕೆ ಕೂರೋದು ಅವನಲ್ಲ, ಅವನ ಹೆಂಡ್ತಿ. ಅವಳ ಕತ್ತಾದ್ರೂ ಉಳೀಲಿ."